ಎನ್‌95 ಮಾಸ್ಕ್ ಹಾಕಿದ್ರೂ ದೂಳು ಒಳಗೆ ಬರ್ತಿದೆಯಾ? ಮುಖದ ಅಳತೆ ತೆಗೆದು ಮೂಗು, ಗದ್ದದ ಬಳಿ ಸೋರಿಕೆ ಪತ್ತೆ ಹಚ್ಚುವುದು ಹೀಗೆ

ಹೈದರಾಬಾದ್: ನಾರಾಯಣಗುಡ ಕಡೆಯಿಂದ ಲಿಬರ್ಟಿ ಸರ್ಕಲ್‌ವರೆಗಿನ ಹಿಮಾಯತ್‌ನಗರದಲ್ಲಿ ಹಳೆಯ ಮನೆಗಳ ಜಾಗದಲ್ಲಿ ಅಪಾರ್ಟ್‌ಮೆಂಟ್, ಅಂಗಡಿ ಸಾಲುಗಳು ಎದ್ದಿವೆ. ಇಂಥ ಕಟ್ಟಡಗಳಲ್ಲಿ ಟೈಲ್ಸ್, ಗ್ರಾನೈಟ್ ಕತ್ತರಿಸುವ ಕೆಲಸ ನಡೆದಾಗ ಏಳುವ ಬಿಳಿ ದೂಳಿನಲ್ಲಿ ಸಿಲಿಕಾ ಇರುತ್ತದೆ. ವರ್ಷಗಟ್ಟಲೆ ಅದನ್ನು ಉಸಿರಾಡಿದರೆ ಬರುವ ಸಿಲಿಕೋಸಿಸ್‌ನಿಂದ ಹಾಳಾದ ಶ್ವಾಸಕೋಶ ಮತ್ತೆ ಮೊದಲಿನಂತೆ ಆಗುವುದಿಲ್ಲ. 1948ರ ಕಾರ್ಖಾನೆ ಕಾಯ್ದೆಯಡಿ ವರದಿ ಮಾಡಲೇಬೇಕಾದ ಕಾಯಿಲೆಗಳಲ್ಲಿ ಇದೂ ಒಂದಾಗಿತ್ತು. ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಹೈದರಾಬಾದ್‌ಗೆ ಕಟ್ಟಡ ಕೆಲಸಕ್ಕೆ ಬರುವವರಿಗೆ ಈ ದೂಳು ಹೊಸದೇನಲ್ಲ.

ಮಾಸ್ಕ್ ಹಾಕಿಕೊಂಡವರೂ ಇದ್ದಾರೆ. ಆದರೆ ಆ ಮಾಸ್ಕ್ ಅವರ ಮುಖಕ್ಕೆ ಸರಿಯಾಗಿ ಕೂತಿದೆಯೇ ಎಂದು ನೋಡುವವರು ಕಡಿಮೆ.

ಸಣ್ಣ ಸಂದಿ, ದೊಡ್ಡ ನಷ್ಟ

ಎನ್‌95 ಎಂದರೆ ಪರೀಕ್ಷೆಯಲ್ಲಿ 0.3 ಮೈಕ್ರಾನ್ ಆಸುಪಾಸಿನ ಕಣಗಳಲ್ಲಿ ಕನಿಷ್ಠ 95%ರಷ್ಟನ್ನು ತಡೆಯುವ ಫಿಲ್ಟರ್. ಅದು ಬಟ್ಟೆಯ ಗುಣವೇ ಹೊರತು ನಿಮ್ಮ ಮುಖದ ಮೇಲೆ ಸಿಗುವ ರಕ್ಷಣೆಯ ಗ್ಯಾರಂಟಿ ಅಲ್ಲ. ಉಸಿರು ಎಳೆದಾಗ ಗಾಳಿ ಸುಲಭದ ದಾರಿಯನ್ನೇ ಹಿಡಿಯುತ್ತದೆ. ಮೂಗಿನ ಪಕ್ಕ ಸಂದಿ ಇದ್ದರೆ ಫಿಲ್ಟರ್ ಬಿಟ್ಟು ಅಲ್ಲಿಂದಲೇ ನುಗ್ಗುತ್ತದೆ.

ಸರಳ ಲೆಕ್ಕ ನೋಡಿ. ಒಳಗೆ ಬರುವ ಗಾಳಿಯ ನೂರು ಪಾಲಿನಲ್ಲಿ 10 ಪಾಲು ಸಂದಿಯಿಂದ ಬಂದರೆ ಆ 10 ಪಾಲಿನ ದೂಳೆಲ್ಲ ಒಳಗೇ. ಉಳಿದ 90 ಪಾಲು ಫಿಲ್ಟರ್ ದಾಟಿದಾಗ 5%, ಅಂದರೆ 4.5 ಪಾಲಿನಷ್ಟು ದೂಳು ಉಳಿಯುತ್ತದೆ. ಒಟ್ಟು 14.5. ಅಂದರೆ 5 ಇರಬೇಕಾದಲ್ಲಿ ಸುಮಾರು ಮೂರು ಪಟ್ಟು. ಇದಕ್ಕೆಲ್ಲ ಕಾರಣ ಮಾಸ್ಕ್‌ನ ಗುಣಮಟ್ಟವಲ್ಲ, ಅಂಚಿನ ಸಂದಿ.

ಮುಖದ ಎರಡು ಅಳತೆ ಸಾಕು

ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ 2003ರಲ್ಲಿ 3,997 ಜನರ ತಲೆ ಮತ್ತು ಮುಖ ಅಳೆದಿತ್ತು. ಆ ಅಂಕಿಗಳ ಆಧಾರದ ಮೇಲೆ ಮುಖಗಳನ್ನು 10 ಗುಂಪು ಮಾಡಿದ್ದು ಎರಡೇ ಅಳತೆಯಿಂದ: ಮುಖದ ಉದ್ದ ಮತ್ತು ಅಗಲ. ಉದ್ದ 98.5ರಿಂದ 138.5 ಮಿ.ಮೀ., ಅಗಲ 120.5ರಿಂದ 158.5 ಮಿ.ಮೀ. ಎಂಬುದು ಅದರ ವ್ಯಾಪ್ತಿ. ಇದು ಅಮೆರಿಕದ ಕಾರ್ಮಿಕರ ಮುಖಗಳಿಂದ ಬಂದ ಲೆಕ್ಕ ಎಂಬುದನ್ನು ಮರೆಯಬಾರದು. ಆದರೂ ಒಂದು ದಿಕ್ಕು ತಿಳಿಯಲು ಸಾಕು.

ಉದ್ದವನ್ನು ಎರಡು ಕಣ್ಣುಗಳ ನಡುವೆ ಮೂಗಿನ ಬುಡದಲ್ಲಿರುವ ತಗ್ಗಿನಿಂದ ಗದ್ದದ ಮೂಳೆಯ ಕೆಳ ಅಂಚಿನವರೆಗೆ ಅಳೆಯಬೇಕು. ಬಾಯಿ ಮುಚ್ಚಿರಲಿ. ಮೂಗಿನ ಮೇಲೆ ಟೇಪ್ ಹಾಯಿಸಿದರೆ ಉಬ್ಬಿನ ಸುತ್ತಳತೆ ಬಂದು ಲೆಕ್ಕ ತಪ್ಪುತ್ತದೆ. ಸ್ಕೇಲನ್ನು ಮುಖದ ಪಕ್ಕದಲ್ಲಿ ನೇರವಾಗಿ ಹಿಡಿದು ಬೇರೊಬ್ಬರು ಅಳೆದುಕೊಟ್ಟರೆ ಒಳ್ಳೆಯದು. ಅಗಲಕ್ಕೆ ಎರಡು ಗಟ್ಟಿ ಪುಸ್ತಕಗಳನ್ನು ಕೆನ್ನೆಯ ಮೂಳೆಗಳ ಅತಿ ಹೊರಗಿನ ಭಾಗಕ್ಕೆ ಎರಡೂ ಕಡೆಯಿಂದ ಒತ್ತಿ, ಅವುಗಳ ನಡುವಿನ ಅಂತರ ನೋಡಿದರಾಯಿತು. ವರ್ನಿಯರ್ ಕ್ಯಾಲಿಪರ್ ಇದ್ದರೆ ಇನ್ನೂ ಸುಲಭ.

ಉದಾಹರಣೆಗೆ ಒಬ್ಬ ಮಹಿಳೆಯ ಮುಖದ ಉದ್ದ 104, ಅಗಲ 128 ಮಿ.ಮೀ. ಇದೆ ಎಂದುಕೊಳ್ಳಿ. ಇದು ವ್ಯಾಪ್ತಿಯ ಚಿಕ್ಕ ತುದಿ. 'ರೆಗ್ಯುಲರ್' ಸೈಜಿನ ಮಾಸ್ಕ್ ಅವರಿಗೆ ಹೀಗೆ ಕಾಣಬಹುದು: ಮೇಲಂಚು ಕಣ್ಣಿನ ಕೆಳಗಿನವರೆಗೆ ಏರಿ ಕೂರುತ್ತದೆ, ಕೆಳ ಅಂಚು ಗದ್ದ ದಾಟಿ ಜೋತು ಬೀಳುತ್ತದೆ, ಉಸಿರು ಬಿಟ್ಟಾಗ ಕನ್ನಡಕ ಮಂಜಾಗುತ್ತದೆ. ಇದಕ್ಕೆ ಪಟ್ಟಿ ಇನ್ನಷ್ಟು ಎಳೆದು ಬಿಗಿ ಮಾಡುವುದು ಪರಿಹಾರವಲ್ಲ. ಕೆನ್ನೆಯಲ್ಲಿ ಮಡಿಕೆ ಬಿದ್ದು ಹೊಸ ಸಂದಿ ಹುಟ್ಟುತ್ತದೆ. ಚಿಕ್ಕ ಸೈಜ್ ಅಥವಾ ಬೇರೆ ಆಕಾರದ ಮಾದರಿ ಬೇಕು. ಇದಕ್ಕೆ ವಿರುದ್ಧವಾಗಿ 130 ಮಿ.ಮೀ. ಉದ್ದದ ಮುಖಕ್ಕೆ ಅದೇ ಮಾಸ್ಕ್ ಗಿಡ್ಡವಾಗಿ, ಬಾಯಿ ತೆರೆದೊಡನೆ ಗದ್ದದಿಂದ ಮೇಲಕ್ಕೆ ಜಾರಬಹುದು.

ಒಂದು ಕಂಪನಿಯ 'ಸ್ಮಾಲ್' ಇನ್ನೊಂದರ 'ಸ್ಮಾಲ್' ಆಗಿರಬೇಕಿಲ್ಲ. ಹಾಗಾಗಿ ಅಳತೆ ಎಂಬುದು ಯಾವುದನ್ನು ಮೊದಲು ಹಾಕಿ ನೋಡಬೇಕು ಎಂದು ಹೇಳುತ್ತದೆಯಷ್ಟೇ. ತೀರ್ಪು ಕೊಡುವುದು ಮುಖದ ಮೇಲಿನ ಪರೀಕ್ಷೆ.

ಮೂಗು, ಗದ್ದದ ಬಳಿ ಸೀಲ್ ನೋಡುವುದು

ಮಾಸ್ಕ್ ಅನ್ನು ಗದ್ದದ ಕೆಳಗಿನಿಂದ ಇಟ್ಟು ಮೂಗಿನ ಮೇಲೆ ತನ್ನಿ. ಮೇಲಿನ ಪಟ್ಟಿ ತಲೆಯ ಹಿಂಭಾಗದಲ್ಲಿ ಎತ್ತರದಲ್ಲಿ, ಕೆಳಗಿನದು ಕಿವಿಗಳ ಕೆಳಗೆ ಕತ್ತಿನ ಸುತ್ತ ಇರಲಿ. ಎರಡೂ ಪಟ್ಟಿ ಒಂದನ್ನೊಂದು ದಾಟಬಾರದು. ಕಿವಿಗೆ ಸಿಕ್ಕಿಸುವ ಮಾಸ್ಕ್‌ಗಳು ಇಷ್ಟು ಸಮವಾಗಿ ಒತ್ತುವುದು ಕಷ್ಟ.

ಮೂಗಿನ ಲೋಹದ ಪಟ್ಟಿಯನ್ನು ಎರಡೂ ಕೈಗಳ ಬೆರಳುಗಳಿಂದ ನಡುವಿನಿಂದ ಹೊರಕ್ಕೆ ಒತ್ತಿ ಕೂರಿಸಬೇಕು. ಒಂದೇ ಕೈಯಲ್ಲಿ ಚಿವುಟುವುದು ನಮ್ಮಲ್ಲಿ ತೀರಾ ಸಾಮಾನ್ಯ. ಹಾಗೆ ಮಾಡಿದರೆ ಪಟ್ಟಿ ಚೂಪಾಗಿ ಬಾಗಿ, ಮೂಗಿನ ನೆತ್ತಿಯ ಬಳಿ ಸಣ್ಣ ಸುರಂಗ ಉಳಿದುಬಿಡುತ್ತದೆ.

ಈಗ ಮಾಸ್ಕ್ ಜರುಗದಂತೆ ಎರಡೂ ಅಂಗೈಗಳಿಂದ ಮುಚ್ಚಿ ಜೋರಾಗಿ ಉಸಿರು ಬಿಡಿ. ಕಣ್ಣಿನ ಬಳಿ ಗಾಳಿ ತಾಗಿದರೆ ಮೂಗಿನ ಪಟ್ಟಿ ಮತ್ತೆ ಕೂರಿಸಿ. ಗದ್ದ ಅಥವಾ ಕೆನ್ನೆಯ ಅಂಚಿನಿಂದ ತಾಗಿದರೆ ಎಲಾಸ್ಟಿಕ್ ಪಟ್ಟಿಯ ಜಾಗ ಸರಿಪಡಿಸಿ. ಬಳಿಕ ಹಾಗೆಯೇ ಮುಚ್ಚಿ ಉಸಿರು ಎಳೆದಾಗ ಮಾಸ್ಕ್ ತುಸು ಒಳಕ್ಕೆ ಕುಗ್ಗಬೇಕು. ಕುಗ್ಗದಿದ್ದರೆ ಎಲ್ಲೋ ಸೋರುತ್ತಿದೆ. ವಾಲ್ವ್ ಇರುವ ಮಾಸ್ಕ್‌ಗಳಲ್ಲಿ ಉಸಿರು ಎಳೆಯುವ ಪರೀಕ್ಷೆಗೇ ಹೆಚ್ಚು ತೂಕ. ಎರಡು ಮೂರು ಬಾರಿ ಪ್ರಯತ್ನಿಸಿದರೂ ಸೋರಿದರೆ ಆ ಮಾಸ್ಕ್ ನಿಮ್ಮ ಮುಖಕ್ಕೆ ಅಲ್ಲ.

ಗದ್ದದ ಸೋರಿಕೆ ಕುಳಿತಲ್ಲೇ ಸಿಕ್ಕಿಬೀಳುವುದಿಲ್ಲ. ತಲೆ ಎಡಬಲಕ್ಕೆ ತಿರುಗಿಸಿ, ಮೇಲೆ ಕೆಳಗೆ ನೋಡಿ, ಗಟ್ಟಿಯಾಗಿ ಮಾತನಾಡಿ, ಬಗ್ಗಿ ನಂತರ ಮತ್ತೊಮ್ಮೆ ಪರೀಕ್ಷಿಸಿ. ಟೈಲ್ಸ್ ಕೆಲಸದವರು ಬಗ್ಗಿಯೇ ಕೆಲಸ ಮಾಡುವುದಲ್ಲವೇ?

ಗಡ್ಡ ಇದ್ದರೆ?

ಸೀಲ್ ಕೂರುವ ಜಾಗದಲ್ಲಿ ಕೂದಲು ಬರುವಂತಿಲ್ಲ. ಮೂರು ದಿನದ ಕುರುಚಲು ಗಡ್ಡವೂ ಅಂಚನ್ನು ಚರ್ಮದಿಂದ ಎತ್ತಿ ಹಿಡಿಯುತ್ತದೆ. ಮೀಸೆ ಒಳಗೇ ಇದ್ದು ಅಂಚಿಗೆ ತಾಗದಿದ್ದರೆ ತೊಂದರೆಯಿಲ್ಲ. ಗಡ್ಡ ತೆಗೆಯಲಾಗದವರಿಗೆ ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕ್ ಬದಲು, ಫ್ಯಾನ್ ಮೂಲಕ ಶುದ್ಧ ಗಾಳಿ ಒದಗಿಸುವ ಸಡಿಲ ಹುಡ್ ಮಾದರಿಯೇ ಸೂಕ್ತ.

ಇದು ಫಿಟ್ ಟೆಸ್ಟ್ ಅಲ್ಲ

ಕೈಯಲ್ಲಿ ಮುಚ್ಚಿ ನೋಡುವ ಪರೀಕ್ಷೆಯಲ್ಲಿ ಪಾಸಾದವರೂ ನಿಜವಾದ ಫಿಟ್ ಟೆಸ್ಟ್‌ನಲ್ಲಿ ಫೇಲ್ ಆಗಬಹುದು. ಫಿಟ್ ಟೆಸ್ಟ್‌ನಲ್ಲಿ ತಲೆಗೆ ಹುಡ್ ಹಾಕಿ ಸ್ಯಾಕರಿನ್ ಅಥವಾ ಕಹಿ ದ್ರಾವಣ ಸಿಂಪಡಿಸುತ್ತಾರೆ. ಮಾಸ್ಕ್ ಧರಿಸಿ ತಲೆ ಆಡಿಸುವಾಗ, ಮಾತನಾಡುವಾಗ ರುಚಿ ತಿಳಿದರೆ ಸೋರಿಕೆ ಇದೆ ಎಂದರ್ಥ. ಯಂತ್ರದಿಂದ ಮಾಡುವ ಪರೀಕ್ಷೆಯಲ್ಲಿ ಹೊರಗಿನ ಕಣಗಳ ಪ್ರಮಾಣ ಒಳಗಿನದಕ್ಕಿಂತ ಕನಿಷ್ಠ 100 ಪಟ್ಟು ಇರಬೇಕು ಎಂಬುದು ಅಮೆರಿಕದ ನಿಯಮ. ಹೀಗೆ ಪಾಸಾದ ಮಾಸ್ಕ್‌ನಿಂದಲೂ ಕೆಲಸದ ಜಾಗದಲ್ಲಿ 10 ಪಟ್ಟು ರಕ್ಷಣೆಯನ್ನಷ್ಟೇ ಅದೇ ನಿಯಮ ಲೆಕ್ಕಕ್ಕೆ ಹಿಡಿಯುತ್ತದೆ. ಹಾಗಾಗಿ ಕಲ್ಲು ಕತ್ತರಿಸುವಾಗ ನೀರು ಹಾಯಿಸಿ ದೂಳನ್ನೇ ಅಡಗಿಸುವುದು ಮೊದಲು, ಮಾಸ್ಕ್ ನಂತರ.

ಕೊಳ್ಳುವಾಗ ಭಾರತೀಯ ಮಾನಕ ಐಎಸ್ 9473 ಮತ್ತು ಎಫ್‌ಎಫ್‌ಪಿ2 ಗುರುತು ನೋಡಿ. ತೂಕದಲ್ಲಿ ದೊಡ್ಡ ವ್ಯತ್ಯಾಸವಾದರೆ, ಹಲ್ಲು ಕಿತ್ತಿಸಿಕೊಂಡು ಅಥವಾ ಕೃತಕ ದಂತ ಹಾಕಿಸಿಕೊಂಡು ಮುಖದ ಆಕಾರ ಬದಲಾದರೆ ಅಳತೆ ಮತ್ತು ಫಿಟ್ ಟೆಸ್ಟ್ ಮತ್ತೆ ಮಾಡಬೇಕು. ಕೈಯಿಂದ ಮುಚ್ಚಿ ನೋಡುವ ಪರೀಕ್ಷೆ ಮಾತ್ರ ಮಾಸ್ಕ್ ಹಾಕುವ ಪ್ರತಿ ಬಾರಿಯೂ ಆಗಬೇಕು.