‘ಬಾಕಿ ಇಲ್ಲ’ ಎಂಬ ಉತ್ತರ: ಪಶ್ಚಿಮ ಬೆಂಗಳೂರಿನ ವಿದ್ಯುತ್ ಮತ್ತು ನೀರಿನ ಬಿಲ್ಲುಗಳು ಆ್ಯಪ್‌ಗೆ ಬರುವ ಬಗೆ

ವಿಜಯನಗರ, ಬಸವೇಶ್ವರನಗರಗಳ ಒಳರಸ್ತೆಗಳಲ್ಲಿ ಮೂವತ್ತು–ನಲವತ್ತರ ಸೈಟಿನ ಮೇಲೆ ಎದ್ದ ಮೂರಂತಸ್ತಿನ ಮನೆಗಳು ಸಾಲುಸಾಲಾಗಿ ಕಾಣುತ್ತವೆ. ಕೆಳಗೆ ಮಾಲೀಕರು, ಮೇಲಿನ ಎರಡು ಅಂತಸ್ತುಗಳಲ್ಲಿ ಬಾಡಿಗೆದಾರರು. ಗೇಟಿನ ಪಕ್ಕದ ಗೋಡೆಯಲ್ಲಿ ಒಂದೇ ಪೆಟ್ಟಿಗೆಯೊಳಗೆ ಮೂರು ಕರೆಂಟ್ ಮೀಟರುಗಳು. ನೀರಿನ ಮೀಟರು ಮಾತ್ರ ಸಾಮಾನ್ಯವಾಗಿ ಒಂದೇ. ಈ ಮನೆಗಳಲ್ಲಿ ಯಾರಾದರೂ ಮೊಬೈಲ್ ತೆಗೆದು ಗ್ರಾಹಕ ಸಂಖ್ಯೆ ಹಾಕಿದರೆ ಎರಡು–ಮೂರು ಸೆಕೆಂಡಿನಲ್ಲಿ ಕಟ್ಟಬೇಕಾದ ಹಣ ಪರದೆಯ ಮೇಲೆ ಮೂಡುತ್ತದೆ. ಆ ಹೊತ್ತಿನಲ್ಲಿ ಏನು ನಡೆಯುತ್ತದೆ, ಅದರಲ್ಲಿ ಯಾವ ತಪ್ಪನ್ನು ಯಂತ್ರ ಹಿಡಿಯುತ್ತದೆ, ಯಾವುದನ್ನು ಹಿಡಿಯಲಾರದು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಮೊತ್ತ ಬಂದಾಗಿನ ತಪ್ಪಿಗಿಂತ ‘ಬಾಕಿ ಇಲ್ಲ’ ಎಂದು ಬಂದಾಗಿನ ತಪ್ಪು ಹೆಚ್ಚು ಕಾಲ ಅಡಗಿರುತ್ತದೆ ಎಂಬುದು ನನ್ನ ವಾದ.

ಮೊದಲು ಸಂಖ್ಯೆಯ ಮಾತು. ಬೆಸ್ಕಾಂ 2002ರ ಜೂನ್ 1ರಂದು ಕೆಲಸ ಆರಂಭಿಸಿತು. ಆದರೆ ‘ಆರ್.ಆರ್. ನಂಬರ್’ ಎಂಬ ಮಾತು ಕೆ.ಇ.ಬಿ. ಕಾಲದಿಂದ ಬಂದದ್ದು. ಆರ್.ಆರ್. ಎಂದರೆ ರೆವೆನ್ಯೂ ರಿಜಿಸ್ಟರ್, ಅಂದರೆ ಪ್ರತಿ ಸಂಪರ್ಕದ ಲೆಕ್ಕ ಬರೆದಿಡುತ್ತಿದ್ದ ಕಂದಾಯದ ಪುಸ್ತಕ. ಉಪವಿಭಾಗವನ್ನು ಸೂಚಿಸುವ ಅಕ್ಷರದೊಂದಿಗೆ ಅಂಕೆಗಳು ಸೇರಿ ಆ ನಂಬರ್ ಆಗುತ್ತದೆ. ಗಣಕೀಕರಣವಾದ ಮೇಲೆ ಬೆಸ್ಕಾಂ ಬಿಲ್ಲಿನಲ್ಲಿ ಇದರ ಜೊತೆಗೆ ಹತ್ತು ಅಂಕೆಗಳ ಖಾತೆ ಸಂಖ್ಯೆಯೂ ಬಂತು. ನಗರದ ಗ್ರಾಹಕರಿಂದ ಆ್ಯಪ್ ಕೇಳುವುದು ಈ ಎರಡನೆಯದನ್ನು. ಜಲಮಂಡಳಿಯ ಬಿಲ್ಲಿನಲ್ಲೂ ಆರ್.ಆರ್. ನಂಬರ್ ಎಂದೇ ಇರುತ್ತದೆ, ಅಲ್ಲಿ ಆ್ಯಪ್ ಕೇಳುವುದೂ ಅದನ್ನೇ. ಹೆಸರು ಒಂದೇ ಆದರೂ ಒಂದು ಕರೆಂಟಿನ ಪುಸ್ತಕದ್ದು, ಇನ್ನೊಂದು ನೀರಿನ ಪುಸ್ತಕದ್ದು. ರಾಜಾಜಿನಗರದ ಹಳೆಯ ಮನೆಗಳ ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಆರ್.ಆರ್. ನಂಬರನ್ನು ನೋಡಿಕೊಂಡು ಹಿರಿಯರು ಕರೆಂಟ್ ಬಿಲ್ ಕಟ್ಟಲು ಹೊರಟರೆ ಆ್ಯಪ್ ಒಪ್ಪದಿರುವುದಕ್ಕೆ ಕಾರಣ, ಅಲ್ಲಿ ಅದು ಕೇಳುವುದು ಖಾತೆ ಸಂಖ್ಯೆಯನ್ನು.

ಆ್ಯಪ್‌ಗೆ ಸ್ವತಃ ಯಾರ ಬಾಕಿಯೂ ಗೊತ್ತಿಲ್ಲ. ಅದು ಕೇಳಿ ತಿಳಿಯುತ್ತದೆ. ಕೇಳುವ ದಾರಿಯನ್ನು ಹಾಕಿಕೊಟ್ಟದ್ದು ಭಾರತೀಯ ರಿಸರ್ವ್ ಬ್ಯಾಂಕ್ 2014ರ ನವೆಂಬರ್ 28ರಂದು ಹೊರಡಿಸಿದ ಮಾರ್ಗಸೂಚಿ. ಅದರಿಂದ ಹುಟ್ಟಿದ ಭಾರತ್ ಬಿಲ್ ಪೇಮೆಂಟ್ ವ್ಯವಸ್ಥೆ ಇಂದು ಭಾರತ್ ಕನೆಕ್ಟ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಇದರಲ್ಲಿ ಮೂರು ಕೈಗಳಿವೆ. ಗ್ರಾಹಕರ ಕಡೆ ಒಂದು ಬ್ಯಾಂಕ್ ಅಥವಾ ಪಾವತಿ ಸಂಸ್ಥೆ ನಿಂತಿರುತ್ತದೆ. ಬಿಲ್ ಕೊಡುವವರ ಕಡೆ ಅಂಥದೇ ಇನ್ನೊಂದು ಇರುತ್ತದೆ. ನಡುವೆ ನಿಂತು ಎರಡನ್ನೂ ಸೇರಿಸುವ ಕೇಂದ್ರ ಘಟಕವನ್ನು ಎನ್‌ಪಿಸಿಐನ ಅಂಗಸಂಸ್ಥೆ ನಡೆಸುತ್ತದೆ. 2005ರಲ್ಲಿ ಆರಂಭವಾದ ಬೆಂಗಳೂರು ಒನ್ ಕೇಂದ್ರದಲ್ಲಿ ಕೌಂಟರಿನವರು ಬಿಲ್ ನೋಡಿ ಹಣ ಪಡೆಯುತ್ತಿದ್ದರು. ಆ ನೋಡುವ ಕೆಲಸವನ್ನೇ ಇಲ್ಲಿ ಒಂದು ಸಂದೇಶ ಮಾಡುತ್ತದೆ.

ಕೇಂದ್ರ ಘಟಕದಲ್ಲಿ ಬಿಲ್ ಕೊಡುವ ಪ್ರತಿ ಸಂಸ್ಥೆಗೂ ಒಂದು ದಾಖಲೆ ಇದೆ. ಆ ಸಂಸ್ಥೆ ಗ್ರಾಹಕರಿಂದ ಏನು ಕೇಳುತ್ತದೆ, ಅದು ಅಂಕೆಯೋ ಅಕ್ಷರವೋ, ಎಷ್ಟು ಉದ್ದ, ಪಾವತಿಗೆ ಮೊದಲು ಬಿಲ್ ತರುವುದು ಕಡ್ಡಾಯವೇ, ತೋರಿಸಿದ ಮೊತ್ತವನ್ನೇ ಕಟ್ಟಬೇಕೇ ಅಥವಾ ಹೆಚ್ಚುಕಡಿಮೆ ಕಟ್ಟಬಹುದೇ ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಆ್ಯಪ್‌ನಲ್ಲಿ ಬೆಸ್ಕಾಂ ಆರಿಸಿದ ಕೂಡಲೇ ಖಾತೆ ಸಂಖ್ಯೆಯ ಖಾನೆ ಮೂಡುವುದು ಈ ದಾಖಲೆಯಿಂದ. ಒಂಬತ್ತೇ ಅಂಕೆ ಹಾಕಿದರೆ ಪ್ರಶ್ನೆ ಫೋನಿನಿಂದ ಹೊರಗೇ ಹೋಗುವುದಿಲ್ಲ. ಆಕಾರ ಸರಿಯಿದ್ದರೆ ಆ್ಯಪ್ ಒಂದು ಸಂದೇಶ ಕಳಿಸುತ್ತದೆ. ಅದರ ತಿರುಳು ಇಷ್ಟೇ:

```xml
<BillDetails>
  <Biller id="BESCOM000KAR01"/>
  <CustomerParams>
    <Tag name="Account ID" value="0000000000"/>
  </CustomerParams>
</BillDetails>
```

ಈ ಸಂದೇಶಕ್ಕೆ ಒಂದು ಉಲ್ಲೇಖ ಸಂಖ್ಯೆ ಇರುತ್ತದೆ, ಕಳಿಸಿದವರ ಡಿಜಿಟಲ್ ಸಹಿ ಇರುತ್ತದೆ. ಅದು ಕೇಂದ್ರ ಘಟಕಕ್ಕೆ ಬಂದಾಗ ‘ಸಿಕ್ಕಿತು’ ಎಂಬ ಸ್ವೀಕೃತಿ ಮಾತ್ರ ತಕ್ಷಣ ಹೋಗುತ್ತದೆ. ಬಿಲ್ ಆಮೇಲೆ, ಬೇರೆ ಸಂದೇಶವಾಗಿ ಬರುತ್ತದೆ. ನಡುವೆ ಪ್ರಶ್ನೆ ಬಿಲ್ಲುದಾರರ ಕಡೆಯ ಸಂಸ್ಥೆಗೆ ಹೋಗಿ, ಲೆಕ್ಕದಲ್ಲಿ ಆ ಸಂಖ್ಯೆಯ ಸಾಲನ್ನು ಹುಡುಕಿ, ಬಂದ ದಾರಿಯಲ್ಲೇ ಹಿಂದಿರುಗಬೇಕು. ‘ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ’ ಎಂಬ ಬರಹ ಕಂಡರೆ ಈ ದಾರಿಯಲ್ಲಿ ಎಲ್ಲೋ ಉತ್ತರ ಗಡುವು ಮೀರಿದೆ ಎಂದರ್ಥ. ಸಂಖ್ಯೆ ತಪ್ಪು ಎಂದಲ್ಲ. ಉತ್ತರ ಬಂದರೆ ಅದರಲ್ಲಿ ಗ್ರಾಹಕರ ಹೆಸರು, ಬಿಲ್ಲಿನ ದಿನಾಂಕ, ಕೊನೆಯ ದಿನ ಮತ್ತು ಪೈಸೆಗಳಲ್ಲಿ ಬರೆದ ಮೊತ್ತ ಇರುತ್ತವೆ. `128400` ಎಂದು ಬಂದದ್ದನ್ನು ಆ್ಯಪ್ ₹1,284 ಎಂದು ತೋರಿಸುತ್ತದೆ. ನೀರಿನ ಬಿಲ್ಲಿಗೂ ದಾರಿ ಇದೇ. ಈ ತಿಂಗಳ ನೀರಿನ ದರ, ಒಳಚರಂಡಿ ಶುಲ್ಕ, ಹಳೆಯ ಬಾಕಿ ಎಲ್ಲ ಕೂಡಿ ಒಂದೇ ಮೊತ್ತ ಬರುವುದರಿಂದ ಯಾವುದು ಎಷ್ಟು ಎಂದು ತಿಳಿಯಲು ಕಾಗದದ ಬಿಲ್ಲನ್ನೇ ನೋಡಬೇಕಾಗುತ್ತದೆ.

ಇಲ್ಲಿ ಸಂಖ್ಯೆಯ ಪರೀಕ್ಷೆ ಎರಡು ಬಾರಿ ನಡೆದಂತಾಯಿತು: ಅದರ ಆಕಾರ ಸರಿಯೇ, ಲೆಕ್ಕದಲ್ಲಿ ಅಂಥ ಸಂಖ್ಯೆ ಇದೆಯೇ. ಮೂರನೆಯ ಪ್ರಶ್ನೆ, ಈ ಸಂಖ್ಯೆ ನಿಮ್ಮ ಮನೆಯದೇ ಎಂಬುದು, ಯಂತ್ರದ ವ್ಯಾಪ್ತಿಯಲ್ಲಿಲ್ಲ. ಯಾರ ಬಿಲ್ಲನ್ನು ಯಾರು ಬೇಕಾದರೂ ಕಟ್ಟಬಹುದು. ಊರಲ್ಲಿರುವ ತಂದೆತಾಯಿಯ ಬಿಲ್ಲನ್ನು ಮಗಳು ಕೆಂಗೇರಿಯಲ್ಲಿ ಕೂತು ಕಟ್ಟಲು ಸಾಧ್ಯವಾಗಿರುವುದು ಇದರಿಂದಲೇ, ಆದ್ದರಿಂದ ಇದನ್ನು ಲೋಪ ಎನ್ನಲಾಗದು. ಮೂರನೆಯ ಪರೀಕ್ಷೆಗೆ ವ್ಯವಸ್ಥೆ ನೆಚ್ಚಿಕೊಂಡಿರುವುದು ಪರದೆಯ ಮೇಲಿನ ಹೆಸರನ್ನು ಓದುವ ಮನುಷ್ಯರ ಕಣ್ಣನ್ನು.

ಮೂರಂತಸ್ತಿನ ಮನೆಯಲ್ಲಿ ಆ ಕಣ್ಣೂ ಸೋಲುತ್ತದೆ. ಮೂರು ಮೀಟರುಗಳೂ ಮಾಲೀಕರ ಹೆಸರಿನಲ್ಲೇ ಇರುತ್ತವೆ. ಒಟ್ಟಿಗೆ ಮಂಜೂರಾದ ಸಂಪರ್ಕಗಳಾದರೆ ಖಾತೆ ಸಂಖ್ಯೆಗಳೂ ಒಂದಕ್ಕೊಂದು ಹತ್ತಿರವಿರಬಹುದು. ಮಧ್ಯದ ಮನೆಯವರು ಮೇಲಿನ ಮನೆಯ ಸಂಖ್ಯೆ ಹಾಕಿದರೂ ಮಾಲೀಕರ ಹೆಸರೇ ಬರುತ್ತದೆ. ಹಾಗಿದ್ದರೂ ಮೊತ್ತ ಬಂದರೆ ಒಂದು ಸುಳಿವು ಉಳಿದಿರುತ್ತದೆ. ಕೈಯಲ್ಲಿರುವ ಬಿಲ್ಲಿನ ಮೊತ್ತಕ್ಕೆ ಅದು ತಾಳೆಯಾಗುವುದಿಲ್ಲ. ಮೊತ್ತವೇ ಬಾರದಿದ್ದರೆ ಆ ಸುಳಿವೂ ಇಲ್ಲ.

ಇದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ವಿಜಯನಗರದ ಅಂಥ ಒಂದು ಮನೆಯ ಮಧ್ಯದ ಅಂತಸ್ತಿಗೆ ಹೊಸ ಬಾಡಿಗೆದಾರರು ಬಂದಿದ್ದಾರೆ. ಮಾಲೀಕರು ಹಳೆಯ ಬಿಲ್ಲೊಂದನ್ನು ಕೊಟ್ಟು ‘ಇದೇ ನಂಬರ್’ ಎನ್ನುತ್ತಾರೆ. ಅದು ಮೇಲಿನ ಮನೆಯದು. ಮೇಲಿನ ಮನೆಯವರು ಗೃಹಜ್ಯೋತಿಗೆ ನೋಂದಾಯಿಸಿಕೊಂಡವರು. 2023ರ ಜುಲೈ 1ರಿಂದ ಜಾರಿಗೆ ಬಂದ ಈ ಯೋಜನೆಯಲ್ಲಿ 200 ಯೂನಿಟ್ಟಿನ ಮಿತಿಯೊಳಗೆ, ಹಿಂದಿನ ವರ್ಷದ ಸರಾಸರಿ ಬಳಕೆಯ ಮೇಲೆ ಪ್ರತಿ ಮನೆಗೆ ಒಂದು ಅರ್ಹತೆ ನಿಗದಿಯಾಗುತ್ತದೆ. ಅದನ್ನು ಮೀರದವರಿಗೆ ಬರುವುದು ಶೂನ್ಯ ಬಿಲ್. ಮಧ್ಯದ ಮನೆಯ ಹೊಸಬರು ಇನ್ನೂ ನೋಂದಾಯಿಸಿಲ್ಲ. ಅವರ ಮೀಟರಿಗೆ ಮೊದಲ ತಿಂಗಳು ₹640ರ ಬಿಲ್ ಆಗುತ್ತದೆ. ಗೇಟಿಗೆ ಸಿಕ್ಕಿಸಿದ ಆ ಚೀಟಿ ಅವರ ಕೈಗೆ ಸಿಗುವುದಿಲ್ಲ. ಆ್ಯಪ್ ತೆರೆದರೆ ‘ಬಾಕಿ ಇಲ್ಲ’ ಎಂದು ಬರುತ್ತದೆ. ಮನೆಗೆ ಉಚಿತ ವಿದ್ಯುತ್ ಇದೆ ಎಂದುಕೊಂಡು ಸುಮ್ಮನಾಗುತ್ತಾರೆ. ಎರಡನೆಯ ತಿಂಗಳು ₹655. ಮತ್ತೆ ಅದೇ ಉತ್ತರ.

ಯಂತ್ರ ಸುಳ್ಳು ಹೇಳಿಲ್ಲ. ಕೇಳಿದ ಸಂಖ್ಯೆಗೆ ಸರಿಯಾದ ಉತ್ತರವನ್ನೇ ಕೊಟ್ಟಿದೆ. ತೊಂದರೆ ಇರುವುದು ಉತ್ತರದ ರೂಪದಲ್ಲಿ. ಕಟ್ಟಬೇಕಾದ ಮೊತ್ತವಿಲ್ಲದಾಗ ಸಾಮಾನ್ಯವಾಗಿ ಬಿಲ್ಲಿನ ವಿವರವಿರುವ ಸಂದೇಶ ಬರುವುದಿಲ್ಲ. ಅದರ ಬದಲು ಒಂದು ಸಂಕೇತ ಬರುತ್ತದೆ, ಆ್ಯಪ್ ಅದನ್ನು ಒಂದು ಸಾಲಿನ ಮಾತಾಗಿ ತೋರಿಸುತ್ತದೆ. ಹೆಸರೂ ಇಲ್ಲ, ದಿನಾಂಕವೂ ಇಲ್ಲ. ಕಣ್ಣಿಟ್ಟು ಪರೀಕ್ಷಿಸಲು ಪರದೆಯ ಮೇಲೆ ಏನೂ ಉಳಿಯುವುದಿಲ್ಲ. ಮೇಲಾಗಿ ಆ ಒಂದು ಸಾಲಿನ ಹಿಂದೆ ಬೇರೆ ಬೇರೆ ಸ್ಥಿತಿಗಳು ಅಡಗಿರಬಹುದು. ಈ ತಿಂಗಳ ಬಿಲ್ ಆಗಲೇ ಪಾವತಿಯಾಗಿರಬಹುದು. ಮೀಟರ್ ರೀಡರ್ ಇನ್ನೂ ಬಂದಿಲ್ಲದಿರಬಹುದು. ಬಂದು, ಕೈಯಂತ್ರದಲ್ಲಿ ಬಿಲ್ ಮುದ್ರಿಸಿ ಕೊಟ್ಟಿದ್ದರೂ ಅದರ ಲೆಕ್ಕ ಸರ್ವರಿಗೆ ಇನ್ನೂ ತಲುಪಿಲ್ಲದಿರಬಹುದು. ಅಥವಾ ಗೃಹಜ್ಯೋತಿಯ ಶೂನ್ಯ ಬಿಲ್ ಇರಬಹುದು. ಇವುಗಳಲ್ಲಿ ಎರಡು ಮತ್ತು ಮೂರನೆಯವು ಕೆಲವು ದಿನಗಳಲ್ಲಿ ತಾವಾಗಿಯೇ ಬದಲಾಗುತ್ತವೆ, ಒಂದನೆಯದು ಮುಂದಿನ ಬಿಲ್ಲಿನವರೆಗೆ ಇರುತ್ತದೆ, ನಾಲ್ಕನೆಯದು ತಿಂಗಳುಗಟ್ಟಲೆ ಹಾಗೆಯೇ ಇರಬಲ್ಲದು. ಆದ್ದರಿಂದ ಮಧ್ಯದ ಮನೆಯವರ ತಪ್ಪು ಬೇಗ ಬೆಳಕಿಗೆ ಬರಲಿಲ್ಲ. ಸಂಕೇತದ ಜೊತೆ ಹೆಸರನ್ನೂ ಕೊನೆಯ ಬಿಲ್ಲಿನ ದಿನಾಂಕವನ್ನೂ ಕಳಿಸಿದರೆ ಈ ಗೊಂದಲದ ಬಹುಪಾಲು ಕಳೆಯುತ್ತದೆ ಎಂದು ನನಗನ್ನಿಸುತ್ತದೆ. ಶೂನ್ಯವೂ ಒಂದು ಬಿಲ್, ಅದಕ್ಕೂ ದಿನಾಂಕ ಇದೆ.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಕಟ್ಟಿದ ಹಣ ಗ್ರಾಹಕರ ಖಾತೆಗೆ ಜಮೆಯಾಗುವ ಮುನ್ನ ಇನ್ನೊಬ್ಬರು ಅದೇ ಸಂಖ್ಯೆ ಹಾಕಿದರೆ ಹಳೆಯ ಮೊತ್ತವೇ ಮತ್ತೆ ಬರುತ್ತದೆ. ಮನೆಯಲ್ಲಿ ಇಬ್ಬರೂ ಕಟ್ಟಿದರೆ ಹೆಚ್ಚಾದದ್ದು ಮುಂದಿನ ಬಿಲ್ಲಿನಲ್ಲಿ ಮುಂಗಡವಾಗಿ ವಜಾ ಆಗುತ್ತದೆ. ಇದರಲ್ಲಿ ನಷ್ಟ ಕಡಿಮೆ. ಬೇರೆ ಮನೆಯ ಸಂಖ್ಯೆಗೆ ಕಟ್ಟಿದ ಹಣದ ಕಥೆ ಹಾಗಲ್ಲ. ಆ್ಯಪ್ ಅದನ್ನು ತಾನಾಗಿ ಹಿಂದಕ್ಕೆ ಎಳೆದುಕೊಳ್ಳಲಾರದು, ಏಕೆಂದರೆ ಅದು ಆ ಸಂಖ್ಯೆಯ ಲೆಕ್ಕಕ್ಕೆ ನ್ಯಾಯವಾಗಿಯೇ ಜಮೆಯಾಗಿದೆ. ರಸೀದಿಯಲ್ಲಿರುವ ವಹಿವಾಟಿನ ಸಂಖ್ಯೆ ಹಿಡಿದು ದೂರು ಕೊಡಬೇಕು, ಬಿಲ್ಲುದಾರ ಸಂಸ್ಥೆ ಒಪ್ಪಿ ಸರಿಪಡಿಸಬೇಕು.

ಮಧ್ಯದ ಮನೆಗೆ ಹಿಂದಿರುಗೋಣ. ಗೇಟಿನ ಪಕ್ಕದ ಪೆಟ್ಟಿಗೆಯಲ್ಲಿ ಮೂರು ಮೀಟರುಗಳ ಮೇಲೂ ತಯಾರಕರು ಅಚ್ಚು ಹಾಕಿದ ಸಂಖ್ಯೆ ಇದೆ. ಕಾಗದದ ಬಿಲ್ಲಿನಲ್ಲಿಯೂ ಮೀಟರ್ ಸಂಖ್ಯೆ ಇದೆ. ಮಧ್ಯದ ಮನೆಯ ಮೇನ್ ಸ್ವಿಚ್ ಆರಿಸಿದಾಗ ಯಾವ ಮೀಟರಿನ ಮಿಣುಕುದೀಪ ನಿಂತಿತೋ ಅದೇ ಅವರದು. ಆ ಮೀಟರ್ ಸಂಖ್ಯೆ ಇರುವ ಬಿಲ್ಲನ್ನು ಮಾಲೀಕರ ಕಟ್ಟಿನಿಂದ ಹುಡುಕಿ ತೆಗೆದರೆ ಅದರ ತಲೆಯಲ್ಲಿ ಬೇರೆಯೇ ಖಾತೆ ಸಂಖ್ಯೆ ಇತ್ತು, ಕೊನೆಯ ಅಂಕೆಯಷ್ಟೇ ಬೇರೆ. ಅದನ್ನು ಹಾಕಿದ ಎರಡು–ಮೂರು ಸೆಕೆಂಡಿಗೆ ಪರದೆಯ ಮೇಲೆ ಮಾಲೀಕರ ಅದೇ ಹೆಸರು ಬಂತು, ಅದರ ಕೆಳಗೆ ಎರಡು ತಿಂಗಳ ₹1,295, ಬಡ್ಡಿ ಬೇರೆ. ಅವರು ಹಣ ಕಟ್ಟಿದರು. ಆ್ಯಪ್‌ನಲ್ಲಿ ‘ಮನೆ’ ಎಂದು ಉಳಿಸಿಟ್ಟಿದ್ದ ಹಳೆಯ ಸಂಖ್ಯೆಯನ್ನು ಅಳಿಸಿ, ಹೊಸದಕ್ಕೆ ‘ವಿಜಯನಗರ, ಮಧ್ಯದ ಮೀಟರ್’ ಎಂದು ಹೆಸರಿಟ್ಟರು.