ರೀಟ್ (ಭಾರತ)

ರೀಟ್ ಅಥವಾ ರಿಯಲ್ ಎಸ್ಟೇಟ್ ಇನ್ವೆಸ್ಟ್‌ಮೆಂಟ್ ಟ್ರಸ್ಟ್ ಎಂಬುದು ಅನೇಕ ಹೂಡಿಕೆದಾರರ ಹಣವನ್ನು ಒಟ್ಟುಗೂಡಿಸಿ, ಬಾಡಿಗೆ ತರುವ ಕಚೇರಿ ಸಂಕೀರ್ಣ, ಮಾಲ್ ಮೊದಲಾದ ಕಟ್ಟಡಗಳ ಒಡೆತನ ಹೊಂದುವ ವಿಶ್ವಸ್ತ ಸಂಸ್ಥೆಯಾಗಿದೆ. ಭಾರತದಲ್ಲಿ ಇದು ಸೆಬಿಯ 2014ರ ನಿಯಮಾವಳಿಗೆ ಒಳಪಟ್ಟಿದೆ. ಬೆಂಗಳೂರು ಮೂಲದ ಎಂಬೆಸಿ ಆಫೀಸ್ ಪಾರ್ಕ್ಸ್ ದೇಶದ ಮೊದಲ ರೀಟ್ ಆಗಿದ್ದು, 2019ರ ಏಪ್ರಿಲ್ 1ರಂದು ಷೇರುಪೇಟೆಯಲ್ಲಿ ನೋಂದಣಿಯಾಯಿತು. ನಾಗವಾರದ ಮಾನ್ಯತಾ ಟೆಕ್ ಪಾರ್ಕ್ ಇದರ ಆಸ್ತಿಗಳಲ್ಲಿ ಒಂದು.

## ಕಾರ್ಯವಿಧಾನ

ರೀಟ್‌ನ ಒಡೆತನವನ್ನು ಯೂನಿಟ್‌ಗಳಾಗಿ ವಿಂಗಡಿಸಲಾಗುತ್ತದೆ. ಡಿಮ್ಯಾಟ್ ಖಾತೆಯುಳ್ಳ ಯಾರೇ ಆದರೂ ಷೇರುಪೇಟೆಯಲ್ಲಿ ಒಂದೇ ಒಂದು ಯೂನಿಟ್ಟನ್ನೂ ಕೊಳ್ಳಬಹುದು. ಆಸ್ತಿಯ ಮೌಲ್ಯದಲ್ಲಿ ಕನಿಷ್ಠ ಶೇ. 80ರಷ್ಟು ಪೂರ್ಣಗೊಂಡು ಬಾಡಿಗೆ ತರುತ್ತಿರುವ ಕಟ್ಟಡಗಳಲ್ಲಿರಬೇಕು. ವಿತರಿಸಬಹುದಾದ ನಿವ್ವಳ ನಗದಿನಲ್ಲಿ ಕನಿಷ್ಠ ಶೇ. 90ರಷ್ಟನ್ನು ಯೂನಿಟ್‌ದಾರರಿಗೆ ಹಂಚಬೇಕೆಂಬುದು ನಿಯಮ.

## ವಿತರಣೆಯ ಘಟಕಗಳು

ಯೂನಿಟ್‌ದಾರನ ಕೈಸೇರುವ ಹಣವನ್ನು ರೂಢಿಯಲ್ಲಿ ಬಾಡಿಗೆ ಎನ್ನುತ್ತಾರಾದರೂ ತೆರಿಗೆಯ ದೃಷ್ಟಿಯಲ್ಲಿ ಅದೆಲ್ಲವೂ ಒಂದೇ ಬಗೆಯದಲ್ಲ. ಕಟ್ಟಡಗಳು ಸಾಮಾನ್ಯವಾಗಿ ರೀಟ್‌ನ ಅಧೀನ ಕಂಪನಿಗಳ ಹೆಸರಿನಲ್ಲಿರುತ್ತವೆ. ರೀಟ್ ಈ ಕಂಪನಿಗಳಿಗೆ ಸಾಲವನ್ನೂ ನೀಡಿರುತ್ತದೆ. ಬಾಡಿಗೆ ಪಡೆದ ಕಂಪನಿಯು ಅದನ್ನು ಬಡ್ಡಿ, ಲಾಭಾಂಶ ಹಾಗೂ ಸಾಲದ ಅಸಲಿನ ಮರುಪಾವತಿ ಎಂಬ ರೂಪಗಳಲ್ಲಿ ರೀಟ್‌ಗೆ ವರ್ಗಾಯಿಸುತ್ತದೆ. ಯೂನಿಟ್‌ದಾರನಿಗೂ ಅದೇ ವಿಂಗಡಣೆಯಲ್ಲಿ ಹಣ ಸಲ್ಲುತ್ತದೆ.

ಉದಾಹರಣೆಗೆ, ಒಬ್ಬರು ತಲಾ ₹350ರಂತೆ 100 ಯೂನಿಟ್‌ಗಳನ್ನು ₹35,000ಕ್ಕೆ ಕೊಂಡರೆಂದು ಭಾವಿಸೋಣ. ವರ್ಷಕ್ಕೆ ಯೂನಿಟ್ಟಿಗೆ ₹21ರಂತೆ ₹2,100 ಬಂದರೆ ಮೇಲ್ನೋಟದ ಪ್ರತಿಫಲ ಶೇ. 6. ಈ ₹21ರಲ್ಲಿ ₹5 ಬಡ್ಡಿ, ₹8 ಲಾಭಾಂಶ, ₹8 ಅಸಲಿನ ಮರುಪಾವತಿ ಎಂದಿರಲಿ. ಬಡ್ಡಿಗೆ ಹೂಡಿಕೆದಾರರ ಆದಾಯದ ಹಂತಕ್ಕನುಗುಣವಾಗಿ ತೆರಿಗೆಯಿದೆ. ಅಧೀನ ಕಂಪನಿಯು ರಿಯಾಯಿತಿ ದರದ ತೆರಿಗೆ ಪದ್ಧತಿಯನ್ನು ಆಯ್ದುಕೊಳ್ಳದಿದ್ದರೆ ಲಾಭಾಂಶಕ್ಕೆ ವಿನಾಯಿತಿ ದೊರೆಯುತ್ತದೆ. ಅಸಲಿನ ಭಾಗಕ್ಕೆ ಆ ವರ್ಷ ತೆರಿಗೆಯಿಲ್ಲ. ಆದರೆ ಯೂನಿಟ್ಟಿನ ಖರೀದಿ ಬೆಲೆಯು ಲೆಕ್ಕದಲ್ಲಿ ₹342ಕ್ಕೆ ಇಳಿಯುತ್ತದೆ. ಮುಂದೆ ಅದನ್ನು ಕೊಂಡ ಬೆಲೆಗೇ, ಅಂದರೆ ₹350ಕ್ಕೆ, ಮಾರಿದರೂ ₹8 ಬಂಡವಾಳ ಲಾಭವೆಂದು ಪರಿಗಣಿತವಾಗುತ್ತದೆ. ಆದ್ದರಿಂದ ಪ್ರತಿ ವಿತರಣೆಯೊಂದಿಗೆ ಪ್ರಕಟವಾಗುವ ಘಟಕವಾರು ವಿವರವನ್ನು ಕಾಯ್ದಿರಿಸಿಕೊಳ್ಳುವುದು ಅಗತ್ಯ.

## ಮಿತಿಗಳು

ಹಂಚಿಕೆಯ ಪ್ರಮಾಣವನ್ನು ನಿಯಮವು ಗೊತ್ತುಪಡಿಸುತ್ತದೆಯೇ ಹೊರತು ಹಂಚುವ ಮೊತ್ತಕ್ಕೆ ಖಾತರಿ ನೀಡುವುದಿಲ್ಲ. ದೊಡ್ಡ ಬಾಡಿಗೆದಾರ ಕಂಪನಿಯೊಂದು ಕಚೇರಿ ತೆರವುಗೊಳಿಸಿದರೆ ಹೊಸಬರು ಬರುವವರೆಗೆ ಆ ಜಾಗದಿಂದ ಆದಾಯವಿರುವುದಿಲ್ಲ. ರೀಟ್ ಹೊರಗಿನಿಂದ ಪಡೆದ ಸಾಲದ ಬಡ್ಡಿದರ ಏರಿದರೂ ಹಂಚಲು ಉಳಿಯುವ ನಗದು ಕುಗ್ಗುತ್ತದೆ. ಯೂನಿಟ್ಟಿನ ಬೆಲೆಯೂ ಷೇರಿನಂತೆ ಏರಿಳಿಯುತ್ತದೆ.

ಇವುಗಳ ಮುನ್ಸೂಚನೆಯನ್ನು ರೀಟ್‌ಗಳ ತ್ರೈಮಾಸಿಕ ವರದಿಗಳಲ್ಲಿ ಕಾಣಬಹುದು. ಬಾಡಿಗೆಗೆ ಹೋಗಿರುವ ಜಾಗದ ಶೇಕಡಾ ಪ್ರಮಾಣ, ಬಾಡಿಗೆ ಕರಾರುಗಳಲ್ಲಿ ಉಳಿದಿರುವ ಸರಾಸರಿ ಅವಧಿ ಮತ್ತು ಆಸ್ತಿ ಮೌಲ್ಯಕ್ಕೆ ಹೋಲಿಸಿದರೆ ಸಾಲ ಎಷ್ಟೆಂಬ ಅಂಶಗಳು ಇವುಗಳಲ್ಲಿ ಮುಖ್ಯವಾದವು.