ದುಡ್ಡು ಯಾರ ಮುಖ ನೋಡಿ ಬರುತ್ತದೆ? ಭದ್ರಾವತಿ ರಸ್ತೆಯ ಬಿಲ್ಲುಗಳ ಕಥೆ

ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸಿನಲ್ಲಿ ಹೋಗುವಾಗ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶ ಸಿಗುತ್ತದೆ. ಈ ಭಾಗದ ಫೌಂಡ್ರಿಗಳಲ್ಲಿ ಎರಕವಾಗುವ ಬಿಡಿಭಾಗಗಳು ಊರೂರಿನ ವಾಹನ ಕಂಪನಿಗಳಿಗೆ ಹೋಗುತ್ತವೆ. ಒಂದೆರಡು ಲೇತ್ ಇಟ್ಟುಕೊಂಡು ಈ ಫೌಂಡ್ರಿಗಳಿಗೆ ಜಾಬ್ ವರ್ಕ್ ಮಾಡಿಕೊಡುವ ಸಣ್ಣ ಶೆಡ್ಡುಗಳೂ ಇವೆ. ಮಾಲು ಇವತ್ತು ಹೋಗುತ್ತದೆ, ದುಡ್ಡು ಎರಡು ಮೂರು ತಿಂಗಳಿಗೆ ಬರುತ್ತದೆ. ಕೂಲಿ ಮಾತ್ರ ಶನಿವಾರ ಕೊಡಲೇಬೇಕು.

ಈ ಕಾಯುವಿಕೆ ಹೊಸದಲ್ಲ. 1918ರಲ್ಲಿ ಭದ್ರಾವತಿಯ ಕಬ್ಬಿಣ ಕಾರ್ಖಾನೆಗೆ ಅಡಿಪಾಯ ಬಿದ್ದಾಗಿನಿಂದ ಈ ಸೀಮೆ ದೊಡ್ಡ ಕಾರ್ಖಾನೆಗಳನ್ನೂ ಅವುಗಳನ್ನು ನಂಬಿದ ಸಣ್ಣವರನ್ನೂ ಕಂಡಿದೆ. ದೊಡ್ಡವರು ತಡಮಾಡಿದರೆ ಸಣ್ಣವರು ಏನು ಮಾಡಬೇಕು ಎಂಬುದಕ್ಕೆ ಸರ್ಕಾರ ಮೊದಲು ಹುಡುಕಿದ ಉತ್ತರ ಕಾನೂನು. ತಡವಾದ ಪಾವತಿಗೆ ಬಡ್ಡಿ ಕೊಡಬೇಕೆಂದು 1993ರಲ್ಲಿ ಕಾಯ್ದೆ ಬಂತು. 2006ರ ಎಂಎಸ್‌ಎಂಇ ಕಾಯ್ದೆ 45 ದಿನ ದಾಟಬಾರದು ಎಂದಿತು, ದಾಟಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಎಂದಿತು. ಆದರೆ ಆರ್ಡರ್ ಕೊಡುವ ಧಣಿಯ ಮೇಲೆಯೇ ದೂರು ಕೊಟ್ಟು ನಾಳೆ ಅವರ ಗೇಟಿಗೆ ಹೋಗುವುದು ಹೇಗೆ?

ಎರಡನೇ ದಾರಿ ಫ್ಯಾಕ್ಟರಿಂಗ್. ಬಾಕಿ ಬಿಲ್ಲನ್ನು ಒಂದು ಹಣಕಾಸು ಸಂಸ್ಥೆಗೆ ಒಪ್ಪಿಸಿ ಮುಂಚಿತವಾಗಿ ದುಡ್ಡು ಪಡೆಯುವುದು. 1991ರಲ್ಲಿ ಸ್ಟೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಇದಕ್ಕಾಗಿಯೇ ಕಂಪನಿ ತೆರೆದವು. ಅದು ಸಣ್ಣವರಿಗೆ ಅಷ್ಟಾಗಿ ದಕ್ಕಲಿಲ್ಲ, ಏಕೆಂದರೆ ಸಂಸ್ಥೆ ಶೆಡ್ಡಿನವನ ಲೆಕ್ಕಪತ್ರವನ್ನೇ ತೂಗಿ ನೋಡುತ್ತಿತ್ತು. ಬಿಲ್ಲು ನಿಜವೋ ಸುಳ್ಳೋ ಎಂಬ ಅನುಮಾನ ಬೇರೆ. ಕಾರ್ಖಾನೆ ಕೊಡದಿದ್ದರೆ ದುಡ್ಡು ವಾಪಸ್ ಕಟ್ಟು ಎಂಬ ಷರತ್ತೂ ಸಾಮಾನ್ಯವಾಗಿತ್ತು.

ಲೆಕ್ಕವನ್ನು ತಿರುಗಿಸಿದ್ದು ರಿವರ್ಸ್ ಫ್ಯಾಕ್ಟರಿಂಗ್. ಇಲ್ಲಿ ಕೊಳ್ಳುವ ದೊಡ್ಡ ಕಂಪನಿಯೇ ಮುಂದೆ ಬಂದು "ಈ ಬಿಲ್ಲು ಸರಿ, ಇಂಥ ದಿನ ನಾವು ಕೊಡುತ್ತೇವೆ" ಎಂದು ಒಪ್ಪುತ್ತದೆ. ಬ್ಯಾಂಕು ಶೆಡ್ಡಿನವನ ಮುಖ ನೋಡುವುದಿಲ್ಲ, ಕಂಪನಿಯ ಮುಖ ನೋಡುತ್ತದೆ. ಹಳೆಯ ಹುಂಡಿ ವ್ಯಾಪಾರದಲ್ಲೂ ಹುಂಡಿ ಒಪ್ಪಿದ ಸಾಹುಕಾರನ ಹೆಸರಿನ ಮೇಲೇ ಬಟ್ಟಾ ನಿಂತಿತ್ತಲ್ಲ, ಅದೇ ಬುದ್ಧಿ. ಮೆಕ್ಸಿಕೋದ ಸರ್ಕಾರಿ ಬ್ಯಾಂಕ್ ನಾಫಿನ್ 2001ರಲ್ಲಿ ಇದನ್ನು ಇಂಟರ್ನೆಟ್ ಮೇಲೆ ತಂದು ಹೆಸರು ಮಾಡಿತು. ನಮ್ಮ ರಿಸರ್ವ್ ಬ್ಯಾಂಕ್ 2014ರಲ್ಲಿ ಟ್ರೆಡ್ಸ್ ಎಂಬ ವ್ಯವಸ್ಥೆಗೆ ನಿಯಮ ಬರೆಯಿತು, 2017ರಲ್ಲಿ ವೇದಿಕೆಗಳು ಕೆಲಸ ಶುರುಮಾಡಿದವು.

ಒಂದು ಲೆಕ್ಕ ಹಾಕಿ ನೋಡೋಣ. ಶೆಡ್ಡಿನವರು 2 ಲಕ್ಷ ರೂಪಾಯಿ ಬಿಲ್ಲಿನ ಮಾಲು ಕೊಟ್ಟರು ಅನ್ನಿ, ಬಾಕಿ ದಿನ 45. ಬಿಲ್ಲು ಟ್ರೆಡ್ಸ್‌ಗೆ ಏರುತ್ತದೆ, ಕಂಪನಿ ಒಪ್ಪುತ್ತದೆ. ಬ್ಯಾಂಕುಗಳು ಹರಾಜಿನಂತೆ ಬಡ್ಡಿ ದರ ಕೂಗುತ್ತವೆ. ವರ್ಷಕ್ಕೆ ನೂರಕ್ಕೆ 8ರ ದರ ಒಪ್ಪಿಕೊಂಡರೆ 45 ದಿನಕ್ಕೆ ಹೋಗುವುದು ಸುಮಾರು 1,973 ರೂಪಾಯಿ, ವೇದಿಕೆಯ ಶುಲ್ಕ ಬೇರೆ. ಉಳಿದದ್ದು ಒಂದೆರಡು ದಿನದಲ್ಲಿ ಖಾತೆಗೆ ಬರುತ್ತದೆ. ಅದೇ ದುಡ್ಡನ್ನು ತಿಂಗಳಿಗೆ ನೂರಕ್ಕೆ 2ರಂತೆ ಕೈಗಡ ತಂದಿದ್ದರೆ 6,000 ಹೋಗುತ್ತಿತ್ತು. ಗಡುವಿನ ದಿನ ಕಂಪನಿಯ ಖಾತೆಯಿಂದ ಬ್ಯಾಂಕಿಗೆ ದುಡ್ಡು ಸಲ್ಲುತ್ತದೆ. ಅದು ಕೊಡದೆ ಹೋದರೂ ಬ್ಯಾಂಕು ಶೆಡ್ಡಿನವರನ್ನು ಕೇಳುವಂತಿಲ್ಲ. ಇದಕ್ಕೆಲ್ಲ ಉದ್ಯಮ್ ನೋಂದಣಿ ಮಾತ್ರ ಇರಲೇಬೇಕು.

ಎಡವುವುದು "ಒಪ್ಪುತ್ತದೆ" ಎಂಬ ಜಾಗದಲ್ಲಿ. 2018ರಲ್ಲಿ 500 ಕೋಟಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳು ಟ್ರೆಡ್ಸ್‌ಗೆ ಸೇರಲೇಬೇಕೆಂದು ಕೇಂದ್ರ ಹೇಳಿತು. 2024ರಲ್ಲಿ ಆ ಮಿತಿಯನ್ನು 250 ಕೋಟಿಗೆ ಇಳಿಸಿತು. ಆದರೆ ಕಡ್ಡಾಯವಾದದ್ದು ಸೇರುವುದು, ಪ್ರತಿ ಬಿಲ್ಲನ್ನೂ ಒಪ್ಪುವುದಲ್ಲ. ಮಾಲು ಇಳಿದರೂ ತಪಾಸಣೆ ಮುಗಿದಿಲ್ಲ ಎಂದು ಬಿಲ್ಲು ವಾರಗಟ್ಟಲೆ ಕೂತರೆ ಹರಾಜೇ ಶುರುವಾಗುವುದಿಲ್ಲ. ಅಲ್ಲದೆ ಸಣ್ಣ ಶೆಡ್ಡಿನಿಂದ ಕೊಳ್ಳುವವರು ಎಷ್ಟೋ ಸಲ ಆ ಮಿತಿಯೊಳಗಿನ ಫೌಂಡ್ರಿಯವರೇ ಆಗಿರುತ್ತಾರೆ. ಅವರಿಗೆ ಸೇರುವ ಒತ್ತಾಯವೇ ಇಲ್ಲ. ನಮಗೆ ಕಾಣುವ ದೊಡ್ಡ ತೂತು ಇದೇ.

ಇನ್ನೊಂದು ಅಪಾಯ ಇಂಗ್ಲೆಂಡಿನಲ್ಲಿ ಕಂಡಿತು. ಕಟ್ಟಡ ಕಂಪನಿ ಕ್ಯಾರಿಲಿಯನ್ ಈ ಸೌಲಭ್ಯವನ್ನು ಮುಂದಿಟ್ಟುಕೊಂಡೇ ಪಾವತಿ ಗಡುವನ್ನು 120 ದಿನಕ್ಕೆ ಎಳೆಯಿತು. ಬೇಗ ಬೇಕಾದವರು ಬಡ್ಡಿ ಕಳೆದುಕೊಂಡು ಬ್ಯಾಂಕಿನಿಂದ ಪಡೆಯಿರಿ ಎಂಬ ಮಾತು. 2018ರ ಜನವರಿಯಲ್ಲಿ ಕಂಪನಿ ಮುಳುಗಿತು. ಬ್ಯಾಂಕು ಇನ್ನೂ ಕೊಳ್ಳದಿದ್ದ ಬಿಲ್ಲುಗಳು ಸಣ್ಣವರ ಕೈಯಲ್ಲೇ ಉಳಿದವು. ಭದ್ರಾವತಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಗದ ಕಾರ್ಖಾನೆ ನಿಂತದ್ದನ್ನೂ, 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆ ಮುಚ್ಚುವ ಸುದ್ದಿ ಬಂದದ್ದನ್ನೂ ಅವರು ನೋಡಿದ್ದಾರೆ.

ಆದ್ದರಿಂದ ಆರ್ಡರ್ ಹಿಡಿಯುವಾಗ ಎರಡು ಸಂಗತಿ ಬರೆಸಿಕೊಳ್ಳಿ: ಮಾಲು ಇಳಿದ ಎಷ್ಟು ದಿನದೊಳಗೆ ಬಿಲ್ಲು ಒಪ್ಪುತ್ತಾರೆ, ಮತ್ತು ಬಡ್ಡಿ ಯಾರ ತಲೆಗೆ. ಹೋದ ವರ್ಷ 45 ದಿನ ಇದ್ದ ಗಡುವು ಈ ವರ್ಷ 90 ಆಗಿದ್ದರೆ, ಬೇಗ ಸಿಗುವ ದುಡ್ಡಿನ ಬೆಲೆಯನ್ನು ನೀವೇ ತೆರುತ್ತಿದ್ದೀರಿ.